ಯಾವಾಗೂ ಬಿಟ್ಟು ಹೋಗಂಗಿಲ್ರಿ

ಮಿರಜಿನ ಹತ್ತಿರದ ವಿಶ್ರಾಮಬಾಗದ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾಲಕ್ಕೆ ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಆಲ್ವೇಜ್ ಬಾಯಿ’ ಎನ್ನುತ್ತಿದ್ದರು; ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಿ ಎನ್ನುವುದು ರೂಢಿ. ಬೆನ್ನ ಹಿಂದೆ ಎಂದರೆ ನನಗೆ ಸರಿಯಾಗಿ ಕೇಳಿಸುವಷ್ಟು ಹತ್ತಿರದಲ್ಲೇ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಆ ಹೆಸರಿಗೆ ನಾನು ಸಿಟ್ಟಾಗಲಿಲ್ಲ, ಒಳಗೊಳಗೇ ಹಿಗ್ಗಿದ್ದೆ.

ಹೆಸರು ಬರಲು ಕಾರಣವಿತ್ತು. ಆಲ್ವೇಜ್, ಆಫನ್, ಸೆಲ್ಡಮ್, ನೆವರ್ ಮುಂತಾಗಿ, ಒಂದು ಕೆಲಸ ಎಷ್ಟು ಸಲ ಆಗುತ್ತದೆ ಎಂದು ಹೇಳುವ ಪದಗಳಿಗೆ ಇಂಗ್ಲಿಷಿನಲ್ಲಿ ಗೊತ್ತಾದ ಜಾಗವಿದೆ. ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರಬೇಕು. ಈಸ್, ವಾಸ್ ಇದ್ದರೆ ಅವುಗಳ ನಂತರ ಬರಬೇಕು. ಡು, ಹ್ಯಾವ್, ವಿಲ್ ಎಂಬ ಸಹಾಯಕರು ಇದ್ದರೆ ಅವರಿಗೂ ಮುಖ್ಯ ಕ್ರಿಯಾಪದಕ್ಕೂ ನಡುವೆ ಕೂರಬೇಕು. ನಮ್ಮ ಮಕ್ಕಳ ಮನೆಮಾತು ಮರಾಠಿ, ಇಲ್ಲವೇ ನಮ್ಮ ಕಡೆಯ ಕನ್ನಡ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ, ಉಳಿದ ಪದಗಳು ಅದಕ್ಕಿಂತ ಮೊದಲು ಬೇಕಾದಂತೆ ಅಡ್ಡಾಡುತ್ತವೆ. ‘ಅಂವಾ ಯಾವಾಗೂ ತಡಾ ಮಾಡಿ ಬರ್ತಾನ’ ಅನ್ನಿ, ‘ಯಾವಾಗೂ ಅಂವಾ ತಡಾ ಮಾಡಿ ಬರ್ತಾನ’ ಅನ್ನಿ, ಕೇಳುವವನಿಗೆ ಏನೂ ತೊಂದರೆಯಿಲ್ಲ. ಆ ಮಕ್ಕಳು ಇಂಗ್ಲಿಷಿಗೆ ಬಂದಾಗಲೂ ಹಾಗೇ ಅಡ್ಡಾಡುತ್ತಿದ್ದರು. ‘ಹಿ ಆಲ್ವೇಜ್ ಈಸ್ ಲೇಟ್’ ಎಂದು ಬರೆಯುತ್ತಿದ್ದರು. ಸೆಲ್ಡಮ್ ಎಂದರೆ ಅಪರೂಪಕ್ಕೆ, ಅದರೊಳಗೇ ಅರ್ಧ ‘ಇಲ್ಲ’ ಇದೆ ಎಂದು ಎಷ್ಟು ಬಡಕೊಂಡರೂ ಪಕ್ಕದಲ್ಲಿ ಒಂದು ನಾಟ್ ತಂದು ಕೂರಿಸುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಆ ಪದಕ್ಕೊಂದು ಸುತ್ತು ಹಾಕಿ, ಬಾಣ ಎಳೆದು, ಅದರ ಸರಿಯಾದ ಜಾಗಕ್ಕೆ ಕಳಿಸುತ್ತಿದ್ದೆ. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಕೈ ತಾನಾಗಿಯೇ ಬಾಣ ಎಳೆಯುತ್ತಿತ್ತು, ತಲೆಯನ್ನು ಕೇಳುತ್ತಲೇ ಇರಲಿಲ್ಲ.

ಅದು ನಮ್ಮ ಕಡೆ ಎಲ್ಲಕ್ಕೂ ಸಹಕಾರಿ ಸಂಘ ಹುಟ್ಟಿಕೊಂಡಿದ್ದ ಕಾಲ. ಸಕ್ಕರೆ, ಹಾಲು, ನೂಲು ಎಲ್ಲವೂ ಸಹಕಾರಿ. ಶಾಲೆ ನಡೆಸುವವರೂ ಗಿರಣಿ ನಡೆಸುವವರೂ ಹೆಚ್ಚುಕಡಿಮೆ ಅದೇ ಜನ. ಹಾಗಾಗಿ ಮಿರಜಿನಾಚೆಯ ಒಂದು ಸಹಕಾರಿ ನೂಲಿನ ಗಿರಣಿಯಲ್ಲಿ ಕಾವಲುಗಾರನೊಬ್ಬನ ಮೇಲೆ ವಿಚಾರಣೆ ಇದೆ, ಅವನಿಗೆ ಕನ್ನಡ ಬಿಟ್ಟು ಬೇರೆ ಮಾತು ನೆಟ್ಟಗೆ ಬರುವುದಿಲ್ಲ, ದುಭಾಷಿಯಾಗಿ ಬರಬೇಕು ಎಂದು ನಮ್ಮ ಹೆಡ್‌ಮಾಸ್ತರರು ಹೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮದು ಮಿರಜಿನಲ್ಲಿ ನಾಲ್ಕು ತಲೆಮಾರಿನ ಕನ್ನಡದ ಮನೆ. ನನಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುತ್ತವೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ತಿಳಿಸುತ್ತಿದ್ದೆ.

ವಿಚಾರಣೆ ನಡೆಸಲು ಮುಂಬಯಿಯಿಂದ ವಕೀಲರೊಬ್ಬರು ಬಂದಿದ್ದರು. ಬೆಳ್ಳಗಿನ ಅಂಗಿ, ಮೆಲುದನಿ, ಬಹಳ ಸಭ್ಯರು. ಅವರಿಗೆ ಕನ್ನಡ ಒಂದಕ್ಷರವೂ ಗೊತ್ತಿಲ್ಲ, ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲೇ ಆಗಬೇಕು. ಸಂಗತಿ ಇಷ್ಟೇ. ಒಂದು ದಿನ ಹಗಲು ಪಾಳಿಯಲ್ಲಿ ನೂಲು ಸುತ್ತಿದ ಕೋನುಗಳ ಒಂದು ಚೀಲ ಅಂಗಳದಿಂದ ಕಾಣೆಯಾಗಿತ್ತು. ಯಾರು ಒಯ್ದರೆಂದು ನೋಡಿದವರಿಲ್ಲ. ಗೇಟಿನಲ್ಲಿದ್ದವನು ಇವನು. ಇವನು ಗೇಟು ಬಿಟ್ಟು ಹೋಗಿದ್ದಾಗಲೇ ಚೀಲ ಹೋಗಿದೆ ಎಂಬುದು ಗಿರಣಿಯವರ ಆರೋಪ. ಹೋಗಿದ್ದನ್ನು ಕಂಡವರೂ ಇಲ್ಲ. ಆರೋಪ ಸಾಬೀತಾದರೆ ನೌಕರಿ ಹೋಗುತ್ತದೆ, ಇಲ್ಲವಾದರೆ ಉಳಿಯುತ್ತದೆ.

ಅವನು ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ಅಥಣಿ ಕಡೆಯಿಂದ ಕೂಲಿಗೆಂದು ಬಂದು ಮಾಲಗಾಂವದಲ್ಲಿ ನೆಲೆಸಿದವನು. ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಕೊರಳವರೆಗೆ ಹಾಕಿಕೊಂಡು, ಕುರ್ಚಿ ತೋರಿಸಿದರೂ ಕೂರದೆ, ಗೋಡೆಗೆ ಒತ್ತಿ ನಿಂತಿದ್ದ. ಹಿರಿಯರಿಗೆ ನೀವು ಅನ್ನುವ ಊರು ನಮ್ಮದು. ಅವನನ್ನು ನಾನು ನೀ ಎಂದೇ ಮಾತಾಡಿಸಿದೆ. ಆಗ ಅದು ನನ್ನ ಗಮನಕ್ಕೂ ಬರಲಿಲ್ಲ.

ವಕೀಲರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡಕ್ಕೆ ತಂದೆ: “ಡ್ಯೂಟಿ ಮ್ಯಾಲ ಇದ್ದಾಗ ನೀ ಗೇಟ್ ಬಿಟ್ಟು ಹೋಗ್ತೀಯೇನು?”

ಅವನು ನೆಲ ನೋಡುತ್ತ ಹೇಳಿದ: “ಯಾವಾಗೂ ಬಿಟ್ಟು ಹೋಗಂಗಿಲ್ರಿ.”

ನಾನು ಪೆನ್ಸಿಲಿನಲ್ಲಿ ಗಡಿಬಿಡಿಯಿಂದ ಕಚ್ಚಾ ಬರೆದುಕೊಂಡೆ. ಅವನ ಮಾತಿನ ಬೆನ್ನಿಗೇ ಕೈ ಓಡುತ್ತಿತ್ತು. ‘ಯಾವಾಗೂ’ ಬಂತು, ಆಲ್ವೇಜ್ ಎಂದು ಬರೆದೆ. ‘ಹೋಗಂಗಿಲ್ಲ’ ಬಂತು, ಡು ನಾಟ್ ಲೀವ್ ಎಂದು ಬರೆದೆ. ಹೀಗೆ ಹಾಳೆಯ ಮೇಲೆ ಬಿದ್ದದ್ದು ‘ಐ ಆಲ್ವೇಜ್ ಡು ನಾಟ್ ಲೀವ್ ದ ಗೇಟ್’. ನನ್ನ ತರಗತಿಯ ಯಾವ ಹುಡುಗಿ ಬರೆದಿದ್ದರೂ ಕೆಂಪು ಸುತ್ತು ಬೀಳುತ್ತಿದ್ದ ವಾಕ್ಯ. ಇನ್ನೂ ಹತ್ತು ಹದಿನೈದು ಪ್ರಶ್ನೆಗಳಾದವು, ಎಲ್ಲಕ್ಕೂ ಅವನದು ಒಂದೆರಡು ಮಾತಿನ ಉತ್ತರ.

ಸಂಜೆ ಮನೆಯಲ್ಲಿ ಚಹ ಕುಡಿದು ಶಾಯಿಯಲ್ಲಿ ಪಕ್ಕಾ ಪ್ರತಿ ಬರೆಯಲು ಕೂತೆ. ಆ ವಾಕ್ಯ ಬಂದಾಗ ನನಗೇ ನಗು ಬಂತು. ಆಲ್ವೇಜ್ ಬಾಯಿ ಸ್ವತಃ ಆಲ್ವೇಜ್ ಅನ್ನು ತಪ್ಪು ಜಾಗದಲ್ಲಿ ಕೂರಿಸಿದ್ದಳಲ್ಲ! ಮುಂಬಯಿ ವಕೀಲರ ಕಣ್ಣಿಗೆ ಇದು ಬಿದ್ದರೆ ಮರ್ಯಾದೆ ಏನಾದೀತು? ಸಹಾಯಕ ಕ್ರಿಯಾಪದ ಡು ಇದೆ, ಅದರ ಜೊತೆ ನಾಟ್ ಇದೆ, ಮುಖ್ಯ ಕ್ರಿಯಾಪದ ಲೀವ್. ಆಲ್ವೇಜ್ ಅನ್ನು ಎತ್ತಿ ನಡುವೆ ಇಟ್ಟೆ: ‘ಐ ಡು ನಾಟ್ ಆಲ್ವೇಜ್ ಲೀವ್ ದ ಗೇಟ್’. ವಾಕ್ಯ ನೆಟ್ಟಗಾಯಿತು. ನಾನು ಮುಂದಿನ ಸಾಲಿಗೆ ಹೋದೆ.

ಮರುದಿನ ಟೈಪಾದ ಹಾಳೆಗಳನ್ನು ಅವನಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕಿತ್ತು. ಅದನ್ನೂ ನಾನೇ ಮಾಡಿದೆ. ಇಂಗ್ಲಿಷಿನ ಮೇಲೆ ಬೆರಳಾಡಿಸುತ್ತ, ಬಾಯಲ್ಲಿ ಅವನ ಕನ್ನಡವನ್ನೇ ಅವನಿಗೆ ತಿರುಗಿ ಹೇಳಿದೆ. “ಯಾವಾಗೂ ಬಿಟ್ಟು ಹೋಗಂಗಿಲ್ಲ ಅಂತ ಬರದೇನಿ. ಬರೋಬ್ಬರಿ ಅದಲ್ಲ?”

“ಬರೋಬ್ಬರಿ ಅದರಿ ಬಾಯಾರ,” ಎಂದು ಅವನು ಹೆಬ್ಬೆಟ್ಟು ಒತ್ತಿದ.

ಎರಡು ವಾರವಾಗಿರಬೇಕು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ಕಾದು ನಿಂತಿದ್ದಳು. ಅವನ ಹೆಂಡತಿ. ದ್ರಾಕ್ಷಿ ತೋಟದ ಕೆಲಸದಿಂದ ನೇರ ಬಂದಿದ್ದಳು, ಸೀರೆಯ ಸೆರಗಿಗೆಲ್ಲ ಬಳ್ಳಿಗೆ ಹೊಡೆಯುವ ಔಷಧದ ನೀಲಿ ಬಣ್ಣ ಹತ್ತಿತ್ತು. ಸೊಂಟದಿಂದ ಮಡಚಿದ ಕಾಗದ ತೆಗೆದು ನನ್ನ ಕಡೆ ಚಾಚಿದಳು.

“ಇದರಾಗ ಏನ್ ಬರದಾರ ನೋಡ್ರಿ ಬಾಯಾರ. ಓದಿದಾವ್ರು ಒಬ್ಬೊಬ್ರು ಒಂದೊಂದು ಹೇಳ್ತಾರ. ಕೆಲಸಾ ಹೋತು ಅಂತ ಗೊತ್ತಾತು. ಯಾಕ ಹೋತು ಅಂತ ಗೊತ್ತಾಗವಲ್ದು.”

ಅಲ್ಲೇ ನಿಂತು ಓದಿದೆ. ಕೆಲಸದಿಂದ ತೆಗೆದುಹಾಕಿದ ಪತ್ರ. ಸಾಕ್ಷಿಗಳಿಲ್ಲದಿದ್ದರೂ ಕಾವಲುಗಾರ ತನ್ನ ಹೇಳಿಕೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ, ತಾನು ಗೇಟನ್ನು ಸದಾ ಬಿಟ್ಟುಹೋಗುವುದಿಲ್ಲ ಎಂದಿದ್ದಾನೆ, ಅಂದರೆ ಕೆಲವು ಸಲ ಬಿಟ್ಟುಹೋಗುತ್ತಾನೆ ಎಂದಾಯಿತು, ಎಂದು ಬರೆದಿತ್ತು. ಕೆಳಗೆ ನನ್ನ ವಾಕ್ಯವನ್ನು ಇದ್ದಹಾಗೆಯೇ ಎತ್ತಿ ಬರೆದಿದ್ದರು. ಐ ಡು ನಾಟ್ ಆಲ್ವೇಜ್ ಲೀವ್ ದ ಗೇಟ್. ವ್ಯಾಕರಣದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ.

ಆ ಸಾಲನ್ನು ಮತ್ತೊಮ್ಮೆ ಓದಿದೆ. ನಮ್ಮ ಮಾತಿನಲ್ಲಿ ‘ಯಾವಾಗೂ’ ಪದಕ್ಕೆ ‘ಇಲ್ಲ’ ಸೇರಿದರೆ ಅದು ಎಂದೂ ಇಲ್ಲ ಎಂದೇ ಆಗುತ್ತದೆ. ಅವನಿಗೆ ಬೇಕಾಗಿದ್ದದ್ದು ನೆವರ್. ಆಲ್ವೇಜ್ ಅನ್ನು ಡು ನಾಟ್ ಪದಗಳ ಮುಂಚೆ ಇಟ್ಟಾಗ ಇಂಗ್ಲಿಷ್ ಒಡ್ಡೊಡ್ಡಾಗಿತ್ತು, ಆದರೆ ಅರ್ಥ ಅವನದೇ ಇತ್ತು. ಅದನ್ನು ನಾಟ್ ಆದಮೇಲೆ ತಂದಿಟ್ಟ ಕೂಡಲೇ ನಾಟ್ ಹೋಗಿ ಆಲ್ವೇಜ್‌ನ ಕುತ್ತಿಗೆ ಹಿಡಿಯಿತು. ‘ಸದಾ ಹೋಗುವುದಿಲ್ಲ, ಆಗೀಗ ಹೋಗುತ್ತೇನೆ’ ಎಂದಾಯಿತು. ಪದ ಅದೇ, ಜಾಗ ಬದಲು. ಆ ಜಾಗಕ್ಕೆ ಬಾಣ ಎಳೆದವಳು ನಾನು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಎಳೆದಿದ್ದೆ.

“ಏನದರಿ?” ಎಂದಳು ಅವಳು.

“ಏನೋ ಬರಿಯೂದ್ರಾಗ ತಪ್ಪಾಗೇದ. ನಾ ನೋಡ್ತೇನಿ,” ಎಂದೆ. ಯಾರು ಬರೆಯುವಾಗ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮಿರಜಿನ ಬಸ್ಸಿಗೆ ಓಡಿದಳು. ಅದೇ ಬಸ್ಸಿಗೆ ಹೋಗಬೇಕಾಗಿದ್ದ ನಾನು ಮುಂದಿನದಕ್ಕೆ ಕಾದೆ.

ಗಿರಣಿಯ ಚೇರಮನ್ನರಿಗೆ ಪತ್ರ ಬರೆದೆ. ತಪ್ಪು ಅನುವಾದ ನನ್ನದು, ಮೂಲ ಕಚ್ಚಾ ಪ್ರತಿ ನನ್ನಲ್ಲಿದೆ, ಮನುಷ್ಯನ ಹೊಟ್ಟೆಯ ಪ್ರಶ್ನೆ, ದಯವಿಟ್ಟು ಮತ್ತೊಮ್ಮೆ ನೋಡಿ. ಹೆಡ್‌ಮಾಸ್ತರರು ಓದಿ, “ಇದನ್ನ ಕಳಿಸಿದ್ರ ನಿಮ್ಮ ಹೆಸರೇ ಕೆಡ್ತದಲ್ರಿ ಬಾಯಿ. ಇಂಗ್ಲಿಷ್ ಬಾಯಿಗೇ ಇಂಗ್ಲಿಷ್ ಬರಂಗಿಲ್ಲ ಅಂತಾರ,” ಎಂದರು. ಅಂದರೆ ಅನ್ನಲಿ ಎಂದೆ, ಪತ್ರ ಕಳಿಸಿದೆ. ಹೊರಗೆ ಹಾಗೆ ಅಂದೆನಾದರೂ ಒಳಗೆ ಅದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು. ಅದನ್ನು ಇಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಒಂದು ತಿಂಗಳಾದ ಮೇಲೆ ಅದೇ ವಕೀಲರು ಮತ್ತೆ ಬಂದರು. ಈ ಸಲ ಅವನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ನನ್ನ ಪೆನ್ಸಿಲ್ ಹಾಳೆಯನ್ನೂ ಟೈಪಾದ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವನು ಆಡಿದ ಮಾತನ್ನು ಕನ್ನಡದಲ್ಲೇ ಹೇಳಿರಿ ಎಂದರು. ಹೇಳಿದೆ. ಪದಕ್ಕೆ ಪದ ಬಿಡಿಸಿ ಹೇಳಿರಿ ಎಂದರು. ಹೇಳಿದೆ.

ಆಮೇಲೆ ಅವರು ಕನ್ನಡಕ ತೆಗೆದು, ನಾನು ಎದುರು ನೋಡದೇ ಇದ್ದ ಪ್ರಶ್ನೆ ಕೇಳಿದರು. “ನೀವು ಭಾಷೆ ಕಲಿಸುವವರು. ವಿಚಾರ ಮಾಡಿ ಹೇಳಿರಿ. ಈ ಕನ್ನಡದ ಮಾತಿಗೆ ಎರಡನೆಯ ಅರ್ಥವೂ ಬರುವುದು ಸಾಧ್ಯವೇ? ಸದಾ ಹೋಗುವುದಿಲ್ಲ, ಆಗೀಗ ಹೋಗುತ್ತೇನೆ ಎಂದು?”

ಸಾಧ್ಯವಿತ್ತು. ಅದನ್ನು ನನ್ನಷ್ಟು ಚೆನ್ನಾಗಿ ಆ ಕೋಣೆಯಲ್ಲಿ ಬಲ್ಲವರಿರಲಿಲ್ಲ. ‘ಯಾವಾಗೂ’ ಎಂಬುದನ್ನು ಎಳೆದು ಒತ್ತಿ ಅಂದರೆ, ಅಥವಾ ಅದರ ಪಕ್ಕ ಒಂದು ‘ಏನ’ ಸೇರಿಸಿ ‘ಯಾವಾಗೂ ಏನ ಬಿಟ್ಟು ಹೋಗಂಗಿಲ್ರಿ’ ಅಂದರೆ, ಆಗೀಗ ಹೋಗುತ್ತೇನೆ ಎಂದೇ ಅರ್ಥ. ಅವನು ‘ಏನ’ ಅಂದಿರಲಿಲ್ಲ, ಅದು ಖಂಡಿತ. ಆದರೆ ಒತ್ತಿ ಅಂದಿದ್ದನೇ? ನೆಲ ನೋಡುತ್ತ ಹೇಳಿದ್ದು ನೆನಪಿತ್ತು. ದನಿ ನೆನಪಿರಲಿಲ್ಲ. ನಾನು ಅವನ ಮಾತು ಬರೆದುಕೊಂಡಿದ್ದೆ, ದನಿಯನ್ನು ಕೇಳಿಸಿಕೊಂಡಿರಲಿಲ್ಲ.

ಸಾಧ್ಯವಿದೆ ಎಂದರೆ ಅವನ ಕೆಲಸ ಹೋದ ಹಾಗೆಯೇ. ಕಿಟಕಿಯಾಚೆ ಅವನು ಬೆಂಚಿನ ಮೇಲೆ ಕೂರದೆ ಅದರ ಪಕ್ಕ ನೆಲದ ಮೇಲೆ ಕೂತಿದ್ದು ಕಾಣಿಸುತ್ತಿತ್ತು.

“ನೆವರ್, ಸರ್,” ಎಂದೆ.

ವಕೀಲರು ನನ್ನ ಮುಖ ನೋಡಿದರು. ಮತ್ತೇನೂ ಕೇಳಲಿಲ್ಲ. ನಾನು ಭಾಷೆಯ ವಿಷಯದಲ್ಲಿ ತಿಳಿದು ತಿಳಿದು ಸುಳ್ಳು ಹೇಳಿದ್ದು ಅದೇ ಮೊದಲು. ಅವನು ಬಿಟ್ಟು ಹೋಗಿಲ್ಲ ಎಂಬ ಸತ್ಯಕ್ಕಾಗಿ ಹೇಳಿದ ಸುಳ್ಳು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಎಂಟು ದಿನಕ್ಕೆ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು.

ಅದಾದ ಮೇಲಿನ ಭಾನುವಾರ ಮಧ್ಯಾಹ್ನ ಅವನು ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಕಾಗದದ ಪೊಟ್ಟಣ, ಒಳಗೆ ದ್ರಾಕ್ಷಿ. ಪೊಟ್ಟಣವನ್ನು ಕಟ್ಟೆಯ ಅಂಚಿಗೆ ಇಟ್ಟು ತಾನು ಕೆಳಗಿನ ಮೆಟ್ಟಿಲ ಮೇಲೆ ಕೂತ. ಬಿಸಿಲು ಜೋರಿತ್ತು, ಅವನು ಮಾಲಗಾಂವದಿಂದ ನಡೆದೇ ಬಂದಿದ್ದ. ಕುಡಿಯಲು ನೀರು ಕೊಡು ಎಂದು ಅವ್ವನಿಗೆ ಕೂಗಿ ಹೇಳಿದೆ.

ಅವ್ವ ಚೆಂಬು ಹಿಡಿದು ಬಂದಳು. ಅವಳು ಬಾಗಿಲು ದಾಟುವ ಮೊದಲೇ ಅವನು ಎದ್ದು ಮೆಟ್ಟಿಲಿಳಿದು, ಬಗ್ಗಿ, ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಚ್ಚಿ ನಿಂತ. ಅವ್ವ ಮೇಲಿನಿಂದ ನೀರು ಸುರಿದಳು. ಕೈಗೆ ಚೆಂಬು ತಾಗದ ಹಾಗೆ, ಒಂದು ಹನಿಯೂ ಚೆಲ್ಲದ ಹಾಗೆ. ಅವನು ಯಾವ ಕೇರಿಯವನೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು. ಅವ್ವ ಒಳಗೆ ಹೋದಳು.

ಬಾಯಿ ಒರೆಸಿಕೊಂಡು ಅವನು ಮತ್ತೆ ಮೆಟ್ಟಿಲ ಮೇಲೆ ಕೂತ. “ಒಂದು ಕೇಳಲೇನ್ರಿ ಬಾಯಾರ? ಮೊದಲನೇ ಸಲಾ ನೀವು ಏನ್ ಬರದಿದ್ರಿ?”

ನಾನು ಹೇಳಿಬಿಟ್ಟೆ. “ಸದಾ ಹೋಗಂಗಿಲ್ಲ, ಆಗೀಗ ಅಷ್ಟ ಹೋಗ್ತೇನಿ ಅಂತ ಅರ್ಥ ಬರೂಹಂಗ ಬರದಿದ್ದೆ. ನಂದೇ ತಪ್ಪು. ನಿನ್ನ ಕೆಲಸ ನಾನೇ ಕಳದಿದ್ದೆ.”

ಅವನು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ: “ತಪ್ಪೇನಿಲ್ರಿ ಬಾಯಾರ. ಖರೇನ ಬರದಿದ್ರಿ.”

ನನಗೆ ಅರ್ಥವಾಗಲಿಲ್ಲ.

“ಗೇಟಿನ್ಯಾಗ ಹಂಡೆ ಇಟ್ಟಾರಲ್ರಿ, ಕುಡಿಯೂ ನೀರಿಂದು. ನಾ ಅದಕ್ಕ ಕೈ ಹಚ್ಚಂಗಿಲ್ಲ. ಹಿಂಗ ಮ್ಯಾಲಿಂದ ಹಾಕೋರು ಯಾರರೆ ಇದ್ರ ಅಲ್ಲೇ ಕುಡೀತೇನಿ, ಎಲ್ಲೂ ಹೋಗಂಗಿಲ್ಲ. ಹಾಕೋರು ಯಾರೂ ಬರಲಿಲ್ಲಂದ್ರ ರಸ್ತೆ ದಾಟಿ ಬೋರಿಂಗಿಗೆ ಹೋಗಿ ಕುಡದು ಬರ್ತೇನಿ. ಬ್ಯಾಸಗ್ಯಾಗ ಎಷ್ಟ್ ತಾಸಂತ ತಡಕೊಳ್ಳೂದ್ರಿ? ಅದಕ್ಕ ಯಾವಾಗೂ ಬಿಟ್ಟು ಹೋಗಂಗಿಲ್ಲ ಅಂದೆ.”

ಅವನು ಈಗ ‘ಯಾವಾಗೂ’ ಎಂಬುದನ್ನು ಎಳೆದು, ಒತ್ತಿ ಅಂದ. ಅಂದು ಹಾಗೆಯೇ ಅಂದಿರಬೇಕು.

“ಇದನ್ನ ಅಲ್ಲಿ ಯಾಕ ಹೇಳಲಿಲ್ಲ?” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ತರಗತಿಯಲ್ಲಿ ಹುಡುಗಿಯರನ್ನು ಗದರುವ ದನಿ.

“ಯಾಕ ಹೋಗ್ತೀ ಅಂತ ಯಾರು ಕೇಳಿದ್ರಿ? ಹೋಗ್ತೀಯೇನು ಅಂತ ಕೇಳಿದ್ರಿ, ಹೇಳಿದೆ.”

ಕೇಳಿದವಳು ನಾನೇ. ವಕೀಲರ ಪ್ರಶ್ನೆ ನನ್ನ ಬಾಯಿಂದಲೇ ಹೊರಗೆ ಬಂದಿತ್ತು. ಚೀಲ ಹೋದ ದಿನ ಅವನು ಬೋರಿಂಗಿಗೆ ಹೋಗಿದ್ದನೇ ಎಂದು ಕೇಳಲು ನಾಲಿಗೆ ತುದಿಯವರೆಗೆ ಬಂತು. ಕೇಳಲಿಲ್ಲ. ಹೋಗಿದ್ದೆ ಎಂದರೆ ನಾನು ಏನು ಮಾಡಬೇಕು ಎಂದು ನನಗೆ ತಿಳಿದಿರಲಿಲ್ಲ. ವಕೀಲರಿಗೆ ಹೇಳಿದ ಸುಳ್ಳು ಈಗ ಎರಡು ಪಟ್ಟು ಆಗಿತ್ತು. ಮಾತಿನ ಬಗ್ಗೆಯೂ ಸುಳ್ಳು, ಮನುಷ್ಯನ ಬಗ್ಗೆಯೂ ಸುಳ್ಳು. ಅದರಿಂದಲೇ ಅವನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಯಾರ ಮೇಲೆಂದು ಹೇಳಲಾರೆ.

ಅವನು ಹೋಗಲು ಎದ್ದ. ದಾರಿ ದೂರವಿದೆ, ಇನ್ನೊಂದು ಗುಟುಕು ನೀರು ಕುಡಿದು ಹೋಗುತ್ತೇನೆ ಎಂದ. ಅವ್ವ ಬಿಟ್ಟುಹೋದ ಚೆಂಬು ಬಾಗಿಲ ಪಕ್ಕದಲ್ಲೇ ಇತ್ತು, ಅದರಲ್ಲಿ ಇನ್ನೂ ಅರ್ಧ ನೀರಿತ್ತು. ಒಳಗೆ ಅಡುಗೆಮನೆಯ ಹಲಗೆಯ ಮೇಲೆ ಆರು ಸ್ಟೀಲ್ ಲೋಟಗಳು ಬೋರಲಾಗಿದ್ದವು, ಬಾಗಿಲಿನಿಂದ ಹತ್ತು ಹೆಜ್ಜೆ.

ಅವನು ಬೊಗಸೆ ಒಡ್ಡಿ ನಿಂತ. ನಾನು ಚೆಂಬು ಎತ್ತಿ ಮೇಲಿನಿಂದ ಸುರಿದೆ.